ಡಿಕಾಕ್ಷನ್ ಇಳಿಯುವಷ್ಟು ಹೊತ್ತು: ನಿತ್ಯದ ಒಂದು ರೂಢಿಯ ಮೇಲೆ ಪ್ರಬಂಧ ಕಟ್ಟುವ ಬಗೆ

ಬೆಳಗಿನ ಕಾಫಿಯ ಬಗ್ಗೆಯೋ ಸಂಜೆಯ ನಡಿಗೆಯ ಬಗ್ಗೆಯೋ ಲಲಿತ ಪ್ರಬಂಧ ಬರೆಯಲು ಹೊರಟವರ ಮೊದಲ ಕರಡಿನಲ್ಲಿ ಬಹುಮಟ್ಟಿಗೆ ಒಂದೇ ತೊಡಕು ಕಾಣಿಸುತ್ತದೆ. ಮೊದಲ ಪ್ಯಾರಾದಲ್ಲಿ ಕಾಫಿಯ ಪರಿಮಳವಿರುತ್ತದೆ, ಕೊನೆಯ ಪ್ಯಾರಾದಲ್ಲಿ ಖಾಲಿ ಲೋಟವಿರುತ್ತದೆ, ನಡುವಿನ ಮೂರು ಪುಟಗಳಲ್ಲಿ ಅಜ್ಜಿಯ ಮನೆ, ಹಳೆಯ ಗೆಳೆಯರು, ಬಿಟ್ಟುಬಂದ ಊರು ಎಲ್ಲವೂ ಬಂದುಹೋಗುತ್ತವೆ. ಕಾಫಿ ಮಾತ್ರ ಅಲ್ಲೆಲ್ಲೂ ಇರುವುದಿಲ್ಲ. ಅಂಥ ಬರಹದಲ್ಲಿ ಕಾಫಿ ಬೆನ್ನೆಲುಬಾಗಿರುವುದಿಲ್ಲ, ಪುಸ್ತಕದ ಎರಡು ಬದಿಗೆ ಹಾಕಿದ ರಟ್ಟಿನಂತಿರುತ್ತದೆ.

ಹೂ ಪೋಣಿಸುವುದಕ್ಕೂ ಹೂ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬಹುದು. ಪೋಣಿಸಿದ ಮಾಲೆಯಲ್ಲಿ ದಾರ ಹೂವುಗಳ ಒಳಗಿಂದ ಹಾದುಹೋಗಿರುತ್ತದೆ. ಹೂಗಳು ದಾರದ ಮೇಲೆ ಅತ್ತಿತ್ತ ಜಾರುತ್ತವೆ, ಒಂದು ಕಡೆ ದಾರ ಕಡಿದರೆ ಎಲ್ಲವೂ ಉದುರುತ್ತವೆ. ಕಟ್ಟಿದ ಮಾಲೆಯಲ್ಲಿ ಎರಡೆರಡು ಹೂವಿಗೆ ಒಂದೊಂದು ಗಂಟು ಬಿದ್ದಿರುತ್ತದೆ. ರೂಢಿಯೊಂದನ್ನು ಆಧಾರವಾಗಿಟ್ಟುಕೊಂಡ ಪ್ರಬಂಧ ಈ ಎರಡನೆಯ ಬಗೆಯದಾಗಿರಬೇಕು. ನೆನಪು, ವಿಚಾರ, ವ್ಯಕ್ತಿಚಿತ್ರ ಇವುಗಳಲ್ಲಿ ಯಾವುದೇ ಬರಲಿ, ಅದು ರೂಢಿಯ ಯಾವುದಾದರೂ ಒಂದು ನಿರ್ದಿಷ್ಟ ಹಂತಕ್ಕೆ ಗಂಟು ಬಿದ್ದಿರಬೇಕು. ಆ ಗಂಟುಗಳನ್ನು ಹಾಕುವುದು ಹೇಗೆಂಬುದನ್ನು, ಹಾಸನದ ನಮ್ಮ ಮನೆಯಲ್ಲಿ ಅಮ್ಮ ಹಾಕುವ ಫಿಲ್ಟರ್ ಕಾಫಿಯ ಮೇಲೆ ನಾನು ಬರೆದ, ಸುಮಾರು 1200 ಪದಗಳ ಒಂದು ಪ್ರಬಂಧವನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ಅದು ಐದು ಕರಡುಗಳನ್ನು ದಾಟಿ ಬಂದಿತು, ಮತ್ತು ಮುಂದೆ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಅದರ ಮೊದಲ ಮೂರು ಕರಡುಗಳಲ್ಲಿದ್ದವು.

ರೂಢಿಯನ್ನು ಆರಿಸುವುದು

ದಿನವೂ ಮಾಡುವ ಕೆಲಸವೆಲ್ಲ ಪ್ರಬಂಧದ ಭಾರ ಹೊರುವುದಿಲ್ಲ. ಆರಿಸುವಾಗ ನಾನು ಮೂರು ಗುಣಗಳನ್ನು ನೋಡುತ್ತೇನೆ.

ಮೊದಲನೆಯದು, ಹಿಂದುಮುಂದು ಮಾಡಲಾಗದ ಹಂತಗಳು. ಫಿಲ್ಟರ್ ಕಾಫಿಯಲ್ಲಿ ಅವು ಎದ್ದು ಕಾಣುತ್ತವೆ: ಮೇಲಿನ ಪಾತ್ರೆಗೆ ಪುಡಿ ಅಳೆದು ಹಾಕುವುದು, ತೂತಿನ ಬಿಲ್ಲೆಯಿಂದ ಅದನ್ನು ಹಗುರವಾಗಿ ಒತ್ತುವುದು, ಕುದಿ ಬಂದ ನೀರು ಸುರಿಯುವುದು, ಮುಚ್ಚಳ ಮುಚ್ಚಿ ಕಾಯುವುದು, ಹಾಲು ಕಾಯಿಸುವುದು, ಬೆರೆಸಿ ನೊರೆ ಬರುವಂತೆ ಎತ್ತಿ ಹೊಯ್ಯುವುದು, ಲೋಟಗಳನ್ನು ಹಂಚುವುದು, ಕೊನೆಗೆ ಚರಟವನ್ನು ಗಿಡದ ಬುಡಕ್ಕೆ ಸುರಿಯುವುದು. ನೀರು ಸುರಿದ ಮೇಲೆ ಪುಡಿ ಒತ್ತಲು ಬರುವುದಿಲ್ಲ. ಈ ಅನುಕ್ರಮ ಓದುಗರಿಗೂ ಗೊತ್ತಿರುವುದರಿಂದ, ನೀವು ಪುಡಿಯ ಡಬ್ಬಿಯಿಂದ ಮೂವತ್ತು ವರ್ಷ ಹಿಂದಕ್ಕೆ ಹೋದರೂ ಮುಂದೆ ನೀರು ಸುರಿಯುವುದಿದೆ ಎಂದು ಅವರು ನಂಬಿ ಕಾಯುತ್ತಾರೆ. ಪ್ರಬಂಧಕಾರನಿಗೆ ರೂಢಿ ಕೊಡುವ ದೊಡ್ಡ ಅನುಕೂಲ ಈ ನಂಬಿಕೆಯೇ.

ಎರಡನೆಯದು, ರೂಢಿಯ ಒಳಗೇ ಇರುವ ಬಿಡುವು. ಡಿಕಾಕ್ಷನ್ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅವಸರ ಮಾಡಿದರೆ ಪ್ರಯೋಜನವಿಲ್ಲ. ಕೈಗೆ ಕೆಲಸವಿಲ್ಲದ ಆ ಹೊತ್ತಿನಲ್ಲಿ ಮನಸ್ಸು ಎಲ್ಲಿಗಾದರೂ ಹೋಗುವುದು ಸಹಜ, ಆದ್ದರಿಂದ ಪ್ರಬಂಧದ ಅತಿ ಉದ್ದದ ಕವಲು ಅಲ್ಲಿಯೇ ಹೊರಡುವುದು ನ್ಯಾಯ. ಹಲ್ಲುಜ್ಜುವುದು, ಹಾಸಿಗೆ ಮಡಿಸುವುದು ಮುಂತಾದವು ಪ್ರಬಂಧವಾಗಿ ಬೆಳೆಯುವುದು ಕಷ್ಟವಾಗುವುದಕ್ಕೆ ಅವು ಕ್ಷುಲ್ಲಕವೆಂಬುದು ಕಾರಣವಲ್ಲ, ಅವುಗಳೊಳಗೆ ಇಂಥದೊಂದು ತೆರಪಿಲ್ಲ ಎಂಬುದು ಕಾರಣ.

ಮೂರನೆಯದೇ ಮುಖ್ಯ. ಕ್ರಿಯೆ ಅದೇ ಉಳಿದು, ಅದರೊಳಗಿನ ಯಾವುದಾದರೂ ಒಂದು ಅಳತೆ ವರ್ಷಗಳ ಉದ್ದಕ್ಕೂ ಬದಲಾಗಿರಬೇಕು. ನಮ್ಮ ಮನೆಯಲ್ಲಿ ಅದು ಪುಡಿಯ ಚಮಚಗಳ ಲೆಕ್ಕ. ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಇಬ್ಬರು ಮಕ್ಕಳು, ಅಪ್ಪ, ಅಮ್ಮ ಮತ್ತು ನಾನು ಹೀಗೆ ಒಂಬತ್ತು ಜನರಿದ್ದ ಕಾಲದಲ್ಲಿ ಎಂಟು ಚಮಚ ಪುಡಿ ಬೀಳುತ್ತಿತ್ತು. ಈಗ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಪುಡಿ ಎರಡು ಚಮಚ. ಎಂಟರಿಂದ ಎರಡಕ್ಕೆ ಬಂದ ದಾರಿಯನ್ನು ಹೇಳಿದರೆ ಮನೆಯ ಕತೆಯನ್ನು ಹೇಳಿದಂತೆಯೇ ಆಗುತ್ತದೆ. ಅದನ್ನು ಬೇರೆಯಾಗಿ ಹೇಳಬೇಕಾದ ಅಗತ್ಯವಿರುವುದಿಲ್ಲ. ನಿಮ್ಮ ರೂಢಿಯಲ್ಲಿ ಇಂಥದೊಂದು ಅಳತೆ ಸಿಗದಿದ್ದರೆ ಬೇರೊಂದು ರೂಢಿಯನ್ನು ಹುಡುಕುವುದು ಒಳ್ಳೆಯದು. ಬದಲಾಗದ ರೂಢಿಯಿಂದ ವರ್ಣನೆ ಹುಟ್ಟಬಹುದು, ಪ್ರಬಂಧ ಮುಂದಕ್ಕೆ ಚಲಿಸುವುದಿಲ್ಲ.

ಏಳು ದಿನದ ಟಿಪ್ಪಣಿ

ದಿನವೂ ನೋಡುವುದನ್ನು ನಾವು ಬಹಳ ಕಾಲದಿಂದ ನೋಡದೆ ಬಿಟ್ಟಿರುತ್ತೇವೆ. ಅದರ ಬಗ್ಗೆ ನೆನಪಿನಿಂದ ಬರೆದರೆ ಬರುವುದು ಎಲ್ಲರಿಗೂ ಗೊತ್ತಿರುವ ಕಾಫಿ. ಆದ್ದರಿಂದ ಬರೆಯಲು ಕೂರುವ ಮೊದಲು ಏಳು ದಿನ ಸತತವಾಗಿ, ರೂಢಿ ಮುಗಿದ ಹತ್ತು ನಿಮಿಷದೊಳಗೆ, ಆರೇಳು ಸಾಲಿನ ಟಿಪ್ಪಣಿ ಮಾಡಬೇಕು. ಅದರಲ್ಲಿ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಕೈ ಮಾಡಿದ್ದು ಇಷ್ಟೇ ಇರಲಿ. ನೆನಪಾದದ್ದು, ಅನ್ನಿಸಿದ್ದು ಆ ವಾರ ಬೇಡ. ಏಳನೆಯ ದಿನ ಪುಟವನ್ನು ಎರಡು ಭಾಗ ಮಾಡಿ, ಏಳು ದಿನವೂ ಒಂದೇ ಆಗಿದ್ದದ್ದನ್ನು ಎಡಕ್ಕೂ ಒಂದೆರಡು ದಿನ ಮಾತ್ರ ಆದದ್ದನ್ನು ಬಲಕ್ಕೂ ಬರೆದುಕೊಳ್ಳಬೇಕು.

ರಜೆಗೆ ಊರಿಗೆ ಹೋಗಿದ್ದಾಗ ನಾನು ಹೀಗೆ ಮಾಡಿದೆ. ಎಡಗಡೆ ಬಂದ ಸಾಲುಗಳಲ್ಲಿ ಒಂದು ನನ್ನ ಪ್ರಬಂಧದ ದಿಕ್ಕನ್ನೇ ಬದಲಿಸಿತು. ಅಮ್ಮ ಬೆಳಗ್ಗೆ ಎದ್ದಾಗಿನಿಂದ ಒಂದು ನಿಮಿಷವೂ ಕೂರುವುದಿಲ್ಲ ಎಂದು ನಾನು ಚಿಕ್ಕಂದಿನಿಂದ ನಂಬಿದ್ದೆ, ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಟಿಪ್ಪಣಿಯ ಪ್ರಕಾರ ಏಳು ದಿನವೂ, ನೀರು ಸುರಿದು ಮುಚ್ಚಳ ಮುಚ್ಚಿದ ಮೇಲೆ, ಅವಳು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕುಳಿತಿರುತ್ತಾಳೆ. ಯಾರಾದರೂ ಕರೆದರೆ “ಇರು, ಡಿಕಾಕ್ಷನ್ ಇಳೀಲಿ” ಎನ್ನುತ್ತಾಳೆ. ಒಂಬತ್ತು ಜನರ ಮನೆಯಲ್ಲಿ ಯಾರೂ ಪ್ರಶ್ನಿಸಲಾಗದ ಒಂದು ಬಿಡುವನ್ನು ಫಿಲ್ಟರ್ ಅವಳಿಗೆ ಕೊಟ್ಟಿತ್ತು. ನೆನಪನ್ನೇ ನೆಚ್ಚಿಕೊಂಡಿದ್ದರೆ ನಾನು ಇದನ್ನು ಎಂದೂ ಬರೆಯುತ್ತಿರಲಿಲ್ಲ, ಬದಲಿಗೆ ದಣಿವರಿಯದ ತಾಯಿಯ ಚಿತ್ರವನ್ನು ಇನ್ನೊಮ್ಮೆ ಬರೆಯುತ್ತಿದ್ದೆ.

ಬಲಗಡೆಯ ಪಟ್ಟಿಯೂ ಅಷ್ಟೇ ಉಪಯುಕ್ತ. ಅಲ್ಲಿ, ಎರಡು ದಿನ ಡಿಕಾಕ್ಷನ್ ನೀರಾಗಿ ಬಂದಿತು ಎಂದು ನಾನು ಬರೆದಿದ್ದೆ. ಅದಕ್ಕೆ ಕಾರಣವನ್ನು ವಿಚಾರಿಸಿದಾಗ ಪ್ರಬಂಧದ ನಡುಭಾಗ ಸಿಕ್ಕಿತು. ಅದನ್ನು ಮುಂದೆ ಹೇಳುತ್ತೇನೆ.

ಒಂದು ಬೆಳಗು, ಹಲವು ವರ್ಷ

ಇಂಥ ಪ್ರಬಂಧದಲ್ಲಿ ಎರಡು ಕಾಲಗಳು ಒಟ್ಟಿಗೆ ಓಡುತ್ತವೆ. ಒಂದು, ಪುಡಿ ಅಳೆಯುವುದರಿಂದ ಚರಟ ಸುರಿಯುವವರೆಗಿನ ಅರ್ಧ ಗಂಟೆ. ಇನ್ನೊಂದು, ಎಂಟು ಚಮಚದಿಂದ ಎರಡು ಚಮಚದವರೆಗಿನ ಮೂವತ್ತು ವರ್ಷ. ಮೊದಲನೆಯದು ಎಲ್ಲಿಯೂ ಹಿಂದಕ್ಕೆ ಹೋಗದೆ ನೇರವಾಗಿ ಸಾಗಬೇಕು. ಎರಡನೆಯದು ಎಲ್ಲಿಗೆ ಬೇಕಾದರೂ ಜಿಗಿಯಬಹುದು. ಎರಡೂ ಜಿಗಿಯತೊಡಗಿದರೆ ಓದುಗರಿಗೆ ಕಾಲೂರಲು ನೆಲವಿಲ್ಲದಂತಾಗುತ್ತದೆ. ಬರೆಯುವಾಗ ಬೆಳಗು ಯಾವ ಹಂತದಲ್ಲಿದೆ ಎಂದು ಪ್ರತಿ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡರೆ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಎಲ್ಲ ಹಂತಗಳಿಗೂ ಕವಲು ಕೊಡಬೇಕಾಗಿಲ್ಲ, ಕೊಡಬಾರದು ಕೂಡ. 1200 ಪದಗಳಲ್ಲಿ ಮೂರು ಕವಲುಗಳು ಆರಾಮವಾಗಿ ಹಿಡಿಸುತ್ತವೆ, ನಾಲ್ಕನೆಯದು ಬಂದರೆ ಇಕ್ಕಟ್ಟಾಗುತ್ತದೆ. ನಾನು ಪುಡಿ ಅಳೆಯುವಲ್ಲಿ ಒಂದನ್ನು ಇಟ್ಟೆ: ಎಂಟು ಚಮಚಗಳ ಕಾಲದ ಮನೆ, ಸುಮಾರು 200 ಪದ. ಬಿಲ್ಲೆ ಒತ್ತುವುದು ಮತ್ತು ನೀರು ಸುರಿಯುವುದು ಮೂರು ವಾಕ್ಯಗಳಲ್ಲಿ ಮುಗಿದವು. ಕಾಯುವ ಹೊತ್ತಿಗೆ ಅತಿ ದೊಡ್ಡ ಕವಲು, ಮೆಟ್ಟಿಲ ಮೇಲೆ ಕುಳಿತ ಅಮ್ಮ, 350 ಪದ. ಹಾಲು ಕಾಯಿಸುವುದಕ್ಕೆ ಒಂದೇ ವಾಕ್ಯ ಕೊಟ್ಟೆ. ಲೋಟ ಹಂಚುವಲ್ಲಿ ಮೂರನೆಯ ಕವಲು: ಮೊದಲ ಲೋಟ ಅಜ್ಜನವರಿಗೆ, ಕೊನೆಯದು ಅಮ್ಮನಿಗೆ ಎಂಬ ಕ್ರಮ, 150 ಪದ. ಉಳಿದ ಪದಗಳಲ್ಲಿ ಸುಮಾರು 300 ರೂಢಿಯ ಹಂತಗಳಿಗೆ, 200 ರೂಢಿ ಮುರಿದ ಪ್ರಸಂಗಕ್ಕೆ. ಒಟ್ಟು ಬರಹದಲ್ಲಿ ರೂಢಿಗೆ ಕಾಲು ಭಾಗ ಮೀಸಲಾದರೆ ಸಾಕು; ಅರ್ಧಕ್ಕೆ ಏರಿದರೆ ಅದು ಅಡುಗೆಯ ವಿಧಾನವಾಗುತ್ತದೆ, ಹತ್ತರಲ್ಲೊಂದು ಭಾಗಕ್ಕೆ ಇಳಿದರೆ ಮೊದಲೇ ಹೇಳಿದ ರಟ್ಟಾಗುತ್ತದೆ.

ಇನ್ನು ಗಂಟು ಹಾಕುವ ಕೆಲಸ. ಕವಲಿಗೆ ಹೋಗುವಾಗ “ಆಗ ನನಗೆ ನೆನಪಾಯಿತು” ಎಂಬ ಮಾತನ್ನು ಬಳಸದೆ, ಕೈಯಲ್ಲಿರುವ ವಸ್ತುವಿನ ಮೂಲಕ ಹೋಗಬೇಕು. ಮರಳುವಾಗ ರೂಢಿಯ ಮುಂದಿನ ಹಂತಕ್ಕೆ ನೇರವಾಗಿ ಇಳಿಯಬೇಕು. ನನ್ನ ಮೂರನೆಯ ಕರಡಿನ ಸಾಲು ಹೀಗಿತ್ತು: “ಅಮ್ಮ ಪುಡಿ ಹಾಕುವುದನ್ನು ನೋಡುತ್ತಾ ನಾನು ಬಾಲ್ಯದ ನೆನಪಿಗೆ ಜಾರಿದೆ. ಆಗ ನಮ್ಮದು ದೊಡ್ಡ ಕುಟುಂಬ.” ಇಲ್ಲಿ ಗಂಟಿಲ್ಲ, ಪುಡಿಯ ಬದಲು ರಂಗೋಲಿ ಎಂದರೂ ವಾಕ್ಯ ನಡೆಯುತ್ತದೆ. ಐದನೆಯ ಕರಡಿನಲ್ಲಿ ಅದು ಹೀಗಾಯಿತು: “ಎರಡು ಚಮಚ ಹಾಕಿ ಅಮ್ಮ ಡಬ್ಬಿ ಮುಚ್ಚುತ್ತಾಳೆ. ಇದೇ ಚಮಚ ಎಂಟು ಸಲ ಮುಳುಗಿ ಏಳುತ್ತಿದ್ದ ಕಾಲದಲ್ಲಿ ಎಂಟನೆಯದು ಅಜ್ಜಿಯ ಲೆಕ್ಕದ್ದು. ಅವರಿಗೆ ಕಾಫಿ ಗಟ್ಟಿಯಾಗಿರಬೇಕಿತ್ತು.” ಚಮಚ ಎರಡೂ ಕಾಲಗಳಲ್ಲಿ ಇದೆ, ಆದ್ದರಿಂದ ಓದುಗರು ಮೂವತ್ತು ವರ್ಷ ದಾಟಿದ್ದು ಅವರ ಗಮನಕ್ಕೂ ಬರುವುದಿಲ್ಲ. ಕವಲಿನ ಕೊನೆಯಲ್ಲಿ ನಾನು ಬರೆದ ಮುಂದಿನ ವಾಕ್ಯ ಇಷ್ಟೇ: “ನೀರು ಕುದಿ ಬಂದಿದೆ.” ಈಗ ಮರಳೋಣ ಎಂದು ಓದುಗರಿಗೆ ಹೇಳಬೇಕಾಗಿಲ್ಲ, ನೀರೇ ಕರೆಯುತ್ತದೆ.

‘ಉತ್ತಿದ್ದಳು’ ಎಂಬ ಸುಳಿ

ರೂಢಿಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಎದುರಿಸುವ ನಿಜವಾದ ಕಷ್ಟ ಕ್ರಿಯಾಪದದಲ್ಲಿದೆ, ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಹಿಂದೆ ಮತ್ತೆ ಮತ್ತೆ ನಡೆಯುತ್ತಿದ್ದ ಕೆಲಸಕ್ಕೆ ‘ಉತ್ತಿದ್ದ’ ಎಂಬ ರೂಪ ಬೇಕು. ಎರಡೂ ಸೇರಿದಾಗ ಹೀಗಾಗುತ್ತದೆ: “ಅಮ್ಮ ಐದಕ್ಕೆ ಏಳುತ್ತಿದ್ದಳು. ಒಲೆ ಹಚ್ಚುತ್ತಿದ್ದಳು. ನೀರು ಇಡುತ್ತಿದ್ದಳು. ಅಷ್ಟರಲ್ಲಿ ಪುಡಿ ಅಳೆಯುತ್ತಿದ್ದಳು.” ನಾಲ್ಕು ವಾಕ್ಯಗಳು ಒಂದೇ ಸದ್ದಿನಲ್ಲಿ ಮುಗಿದವು. ಇದು ಕಿವಿಗೆ ಬೇಸರ ತರುವುದರ ಜೊತೆಗೆ ಇನ್ನೊಂದು ತೊಡಕನ್ನೂ ತರುತ್ತದೆ. ದಿನವೂ ನಡೆಯುತ್ತಿದ್ದ ಕೆಲಸಕ್ಕೂ, ಒಂದು ನಿರ್ದಿಷ್ಟ ದಿನ ನಡೆಯುತ್ತಾ ಇದ್ದ ಕೆಲಸಕ್ಕೂ ನಾವು ಬಳಸುವುದು ಇದೇ ರೂಪ. “ಅಮ್ಮ ಹಾಲು ಕಾಯಿಸುತ್ತಿದ್ದಳು” ಎಂದರೆ ಪ್ರತಿದಿನವೇ, ಅಥವಾ ಆ ಗಳಿಗೆಯಲ್ಲೇ ಎಂದು ವಾಕ್ಯದಿಂದ ತಿಳಿಯುವುದಿಲ್ಲ. ರೂಢಿಯ ಪ್ರಬಂಧದಲ್ಲಿ ದಿನನಿತ್ಯದ್ದು ಮತ್ತು ಒಮ್ಮೆ ಆದದ್ದು ಇವೆರಡರ ಅಂತರವೇ ಮುಖ್ಯ ವಿಷಯವಾದ್ದರಿಂದ, ಈ ಗೊಂದಲ ಬರಹದ ಬುಡವನ್ನೇ ಸಡಿಲಿಸುತ್ತದೆ.

ಇದಕ್ಕೆ ನಾನು ಪಾಲಿಸುವ ಕ್ರಮವೆಂದರೆ ಮೂರು ಕಾಲರೂಪಗಳಿಗೆ ಮೂರು ಕೆಲಸಗಳನ್ನು ಹಂಚಿಕೊಡುವುದು ಮತ್ತು ಕೊನೆಯವರೆಗೂ ಆ ಹಂಚಿಕೆಯನ್ನು ಮುರಿಯದಿರುವುದು. ಸಾಗುತ್ತಿರುವ ಆ ಒಂದು ಬೆಳಗಿಗೆ ವರ್ತಮಾನ: “ಅಮ್ಮ ಮುಚ್ಚಳ ಮುಚ್ಚುತ್ತಾಳೆ.” ಹಿಂದಿನ ವರ್ಷಗಳ ವಾಡಿಕೆಗೆ ‘ಉತ್ತಿದ್ದ’ ರೂಪ: “ಅಜ್ಜನವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.” ಒಮ್ಮೆ ಮಾತ್ರ ಆದ ಘಟನೆಗೆ ಸರಳ ಭೂತಕಾಲ: “ಅಮ್ಮ ಆ ಲೋಟವನ್ನು ಬಚ್ಚಲಿಗೆ ಸುರಿದಳು.” ಹೀಗೆ ಮಾಡಿದರೆ, ಕಾಲ ಬದಲಾಯಿತು ಎಂದು ಹೇಳುವ “ಆ ದಿನಗಳಲ್ಲಿ”, “ಈಗ ನೋಡಿದರೆ” ಮುಂತಾದ ಊರುಗೋಲುಗಳಲ್ಲಿ ಮುಕ್ಕಾಲು ಭಾಗವನ್ನು ಕೈಬಿಡಬಹುದು, ಕ್ರಿಯಾಪದದ ರೂಪವೇ ಆ ಕೆಲಸ ಮಾಡುತ್ತದೆ.

‘ಉತ್ತಿದ್ದ’ ರೂಪ ಬರಲೇಬೇಕಾದ ಪ್ಯಾರಾದಲ್ಲಿ ಅದನ್ನು ಎರಡು ಮೂರು ಸಲಕ್ಕೆ ಮಿತಿಗೊಳಿಸಲು ನಮ್ಮ ಭಾಷೆಯಲ್ಲೇ ದಾರಿಗಳಿವೆ. ‘ಎದ್ದು, ಹಚ್ಚಿ, ಇಟ್ಟು’ ಎಂದು ಕೃದಂತಗಳನ್ನು ಹೆಣೆದು ಕೊನೆಗೆ ಒಂದೇ ಕ್ರಿಯಾಪದವನ್ನು ಇಡಬಹುದು. ಕ್ರಿಯಾಪದವನ್ನು ಪೂರ್ತಿ ಬಿಡಬಹುದು: “ಪುಡಿ ಎಂಟು ಚಮಚ, ನೀರು ಪಾತ್ರೆಯ ಕಂಠದವರೆಗೆ, ಮಾತು ಯಾರಿಂದಲೂ ಇಲ್ಲ.” ‘ಏಳುವುದು ಐದಕ್ಕೆ, ಕೂರುವುದು ಐದೂವರೆಗೆ’ ಎಂದು ಭಾವನಾಮದಿಂದ ಹೇಳಬಹುದು. ಮೇಲಿನ ನಾಲ್ಕು ವಾಕ್ಯಗಳು ನನ್ನ ಕೊನೆಯ ಕರಡಿನಲ್ಲಿ ಹೀಗೆ ಒಂದಾದವು: “ಅಮ್ಮ ಏಳುವುದು ಐದಕ್ಕೆ, ಒಲೆ ಹಚ್ಚಿ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಎಂಟು ಚಮಚ ಪುಡಿಯನ್ನು ದೀಪ ಹಾಕದೆಯೇ ಅಳೆದು ಮುಗಿಸುತ್ತಿದ್ದಳು.” ದೀಪದ ಮಾತು ಮೊದಲಿನ ನಾಲ್ಕು ವಾಕ್ಯಗಳಲ್ಲಿ ಇರಲಿಲ್ಲ, ವಾಕ್ಯಗಳನ್ನು ಕೂಡಿಸಿದಾಗ ಅದಕ್ಕೆ ಜಾಗ ದೊರೆಯಿತು. ಒಂದು ಪುಟದಲ್ಲಿ ಈ ರೂಪ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ಹತ್ತು ದಾಟಿದ್ದರೆ ಪುಟವನ್ನು ಗಟ್ಟಿಯಾಗಿ ಓದಿಕೊಂಡು ತಿದ್ದುವುದು ಅಗತ್ಯ.

ರೂಢಿ ಮುರಿದ ದಿನ

ಪ್ರತಿದಿನ ಹೀಗಾಗುತ್ತದೆ ಎಂದು ಹೇಳುತ್ತಲೇ ಹೋದರೆ ಪ್ರಬಂಧ ಎಲ್ಲಿ ಬೇಕಾದರೂ ನಿಲ್ಲಬಹುದು, ಆದ್ದರಿಂದ ಅದು ಎಲ್ಲಿಯೂ ನಿಲ್ಲುವುದಿಲ್ಲ. ಹೀಗಾಗದ ಒಂದು ದಿನ ಬೇಕು. ಅದು ಬರಹದ ಮೂರನೆಯ ಎರಡು ಭಾಗ ಕಳೆದ ಮೇಲೆ ಬಂದರೆ ಸರಿಯಾಗಿ ಕೂರುತ್ತದೆ. ರೂಢಿ ಓದುಗರಿಗೂ ರೂಢಿಯಾದ ಮೇಲಷ್ಟೇ ಅದು ತಪ್ಪಿದ್ದು ಅವರಿಗೆ ತಟ್ಟುತ್ತದೆ.

ಆ ದಿನ ಯಾವುದಾಗಬೇಕು ಎಂಬಲ್ಲಿ ನಾನು ತಪ್ಪು ಮಾಡಿದ್ದೆ. ಮೊದಲ ಕರಡಿನಲ್ಲಿ ಅಜ್ಜನವರು ತೀರಿಕೊಂಡ ಬೆಳಗ್ಗೆ ಕಾಫಿ ಹಾಕಲಿಲ್ಲ ಎಂದು ಬರೆದಿದ್ದೆ. ಅದು ನಿಜವಾಗಿತ್ತು, ನನಗೆ ಬರೆಯುವಾಗ ಕಣ್ಣೂ ತುಂಬಿತ್ತು. ಆದರೆ ಆ ಸಾವು ಫಿಲ್ಟರಿಗೆ ಹೊರಗಿನಿಂದ ಬಂದದ್ದು. ರಂಗೋಲಿಯನ್ನೋ ಪೂಜೆಯನ್ನೋ ಕುರಿತ ಯಾವ ಪ್ರಬಂಧಕ್ಕಾದರೂ ಅದು ಹೊಂದುತ್ತಿತ್ತು. ರೂಢಿ ತನ್ನ ಒಳಗಿನ ಕಾರಣದಿಂದಲೇ ಮುರಿಯುವಂತಿದ್ದರೆ ಅದು ಹೆಚ್ಚು ಬಲವಾಗಿರುತ್ತದೆ.

ಆ ಕಾರಣವನ್ನು ಕೊಟ್ಟದ್ದು ಟಿಪ್ಪಣಿಯ ಬಲಗಡೆಯ ಸಾಲು. ನಮ್ಮದು ದೊಡ್ಡ ಫಿಲ್ಟರ್. ಅಗಲವಾದ ಪಾತ್ರೆಗೆ ಎರಡೇ ಚಮಚ ಪುಡಿ ಹಾಕಿದರೆ ಅದು ತಳದಲ್ಲಿ ತೆಳುವಾಗಿ ಹರಡುತ್ತದೆ. ಮೇಲೆ ಸುರಿದ ನೀರು ಪುಡಿಯ ಸಾರವನ್ನು ಹೀರಿಕೊಳ್ಳುವಷ್ಟು ಹೊತ್ತು ನಿಲ್ಲದೆ ಸರ್ರನೆ ಕೆಳಗಿಳಿದುಬಿಡುತ್ತದೆ, ಡಿಕಾಕ್ಷನ್ ನೀರಾಗುತ್ತದೆ. ಇಬ್ಬರೇ ಉಳಿದ ಮೇಲೆ ಎರಡು ವರ್ಷ ಅಮ್ಮ ಇದನ್ನು ಒಪ್ಪಿಕೊಳ್ಳಲಿಲ್ಲ. ಪುಡಿ ಅಂಗಡಿಯವರು ಚಿಕೋರಿ ಬದಲಿಸಿದ್ದಾರೆ ಎಂದಳು, ಹಾಲು ಸರಿಯಿಲ್ಲ ಎಂದಳು, ಕೆಲವು ದಿನ ಐದು ಚಮಚ ಹಾಕಿ ಮಿಕ್ಕ ಡಿಕಾಕ್ಷನ್ನನ್ನು ಫ್ರಿಜ್ಜಿನಲ್ಲಿಟ್ಟಳು. ಕೊನೆಗೆ ಒಂದು ಬೆಳಗ್ಗೆ ಒಂದು ಗುಟುಕು ಕುಡಿದು ಲೋಟವನ್ನು ಬಚ್ಚಲಿಗೆ ಸುರಿದಳು. ಅದೇ ಸಂಜೆ ಇಬ್ಬರ ಅಳತೆಯ ಚಿಕ್ಕ ಫಿಲ್ಟರ್ ಮನೆಗೆ ಬಂದಿತು, ದೊಡ್ಡದು ಅಟ್ಟಕ್ಕೆ ಹೋಯಿತು. ಮನೆ ಖಾಲಿಯಾದದ್ದನ್ನು ನಾನು ಎಲ್ಲಿಯೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ; ಪಾತ್ರೆಯ ಅಗಲ ಮತ್ತು ಪುಡಿಯ ದಪ್ಪ ಅದನ್ನು ಹೇಳಿದವು. ಅಜ್ಜನವರ ಸಾವು ಲೋಟ ಹಂಚುವ ಕವಲಿನಲ್ಲಿ ಅರ್ಧ ವಾಕ್ಯವಾಗಿ ಉಳಿಯಿತು, ಅಲ್ಲಿಯೇ ಅದು ಹೆಚ್ಚು ನೋಯಿಸುತ್ತದೆ ಎಂದು ಓದಿದವರು ಹೇಳಿದರು.

ನಿಮ್ಮ ರೂಢಿಯಲ್ಲಿ ಇಂಥ ದಿನವನ್ನು ಹುಡುಕುವಾಗ, ಸಾಧನವೊಂದು ಕೆಟ್ಟದ್ದು, ಅಳತೆ ತಪ್ಪಿದ್ದು, ಬೇರೊಬ್ಬರ ಕೈ ಬಂದದ್ದು, ಹೊತ್ತು ಬದಲಾದದ್ದು ಇವುಗಳ ಕಡೆ ಮೊದಲು ನೋಡಿ. ದೊಡ್ಡ ಘಟನೆಗಳನ್ನು ಆಮೇಲೆ ನೋಡಬಹುದು.

ಸೇರಿಸಬೇಕೆನಿಸುವುದು, ಸೇರಿಸಬಾರದ್ದು

ಕಾಫಿಯ ಬಗ್ಗೆ ಬರೆಯುವ ಕನ್ನಡಿಗರೆಲ್ಲರಿಗೂ ಬಾಬಾ ಬುಡನ್ ಅವರ ಏಳು ಬೀಜಗಳ ಕತೆಯನ್ನು ಹೇಳಬೇಕೆನಿಸುತ್ತದೆ. ನಾನೂ ಎರಡನೆಯ ಕರಡಿನಲ್ಲಿ ಚಂದ್ರದ್ರೋಣ ಪರ್ವತದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಕತೆ ಸೊಗಸಾದದ್ದೇ, ಆದರೆ ಅಮ್ಮನ ಅಡುಗೆಮನೆಯಲ್ಲಿ ಅದು ಯಾವ ವಸ್ತುವಿಗೂ ಗಂಟು ಬೀಳಲಿಲ್ಲ, ಆದ್ದರಿಂದ ತೆಗೆದೆ. ಚಿಕೋರಿಯ ಮಾತು ಮಾತ್ರ ಉಳಿಯಿತು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂಬುದು ನಮ್ಮ ದೇಶದ ಆಹಾರ ನಿಯಮ, ಮತ್ತು ಪೊಟ್ಟಣದ ಮೇಲೆ ಆ ಪಾಲನ್ನು ಮುದ್ರಿಸಿರುತ್ತಾರೆ. ಡಿಕಾಕ್ಷನ್ ನೀರಾದ ದಿನಗಳಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಆ ಅಂಕಿಯನ್ನು ಓದುತ್ತಿದ್ದಳು. ಅದು 80ಕ್ಕೆ 20 ಎಂದೇ ಇರುತ್ತಿತ್ತು, ಮೊದಲಿನಂತೆಯೇ. ಹೊರಗಿನ ಮಾಹಿತಿ ಯಾರದಾದರೂ ಕೈಯಿಂದ ಅಥವಾ ಕಣ್ಣಿನಿಂದ ಹಾದು ಬಂದರೆ ಮಾತ್ರ ಬರಹದೊಳಗೆ ಬೆರೆಯುತ್ತದೆ.

ರೂಢಿಯನ್ನು ಸಂಕೇತವನ್ನಾಗಿ ಮಾಡುವ ಆಸೆಯನ್ನು ಇನ್ನೂ ಗಟ್ಟಿಯಾಗಿ ತಡೆಯಬೇಕು. ಬದುಕೂ ಡಿಕಾಕ್ಷನ್ನಿನಂತೆ ಕಹಿ, ಸಹನೆಯಿಂದ ಇಳಿಯಬೇಕು ಎಂಬ ಒಂದು ವಾಕ್ಯ ಬಂದರೆ, ಅಲ್ಲಿಯವರೆಗೆ ಕಟ್ಟಿದ ಮೆಟ್ಟಿಲು, ಚಮಚ, ಲೋಟ ಎಲ್ಲವೂ ಆ ವಾಕ್ಯಕ್ಕೆ ಉದಾಹರಣೆಗಳಾಗಿ ಕುಗ್ಗುತ್ತವೆ. ಫಿಲ್ಟರ್ ಫಿಲ್ಟರಾಗಿಯೇ ಉಳಿಯಬೇಕು.

ಕರಡು ಮುಗಿದ ಮೇಲೆ ಎರಡು ಪರೀಕ್ಷೆಗಳನ್ನು ಮಾಡಬಹುದು. ರೂಢಿಯ ಹಂತಗಳಿರುವ ವಾಕ್ಯಗಳನ್ನೆಲ್ಲ ತೆಗೆದು ಉಳಿದದ್ದನ್ನು ಓದಿ. ಅದು ಸಲೀಸಾಗಿ ಸಾಗಿದರೆ ರೂಢಿ ಅಲಂಕಾರಕ್ಕಷ್ಟೇ ಇತ್ತೆಂದು ಅರ್ಥ, ಗಂಟುಗಳನ್ನು ಮತ್ತೆ ಹಾಕಬೇಕು. ಆಮೇಲೆ ಮೂಲ ಕರಡಿನಲ್ಲಿ ಆ ವಾಕ್ಯಗಳ ಕೆಳಗೆ ಗೆರೆ ಎಳೆದು, ಗೆರೆಗಳ ನಡುವಿನ ಅಂತರವನ್ನು ನೋಡಿ. ನನ್ನ ಅನುಭವದಲ್ಲಿ 250 ಪದಗಳಿಗೂ ಹೆಚ್ಚು ದೂರ ಗೆರೆಯಿಲ್ಲದಿದ್ದರೆ ಓದುಗರು ಅಡುಗೆಮನೆಯನ್ನು ಮರೆಯುತ್ತಾರೆ. ಮೆಟ್ಟಿಲ ಮೇಲಿನ ನನ್ನ ಕವಲು 350 ಪದಗಳಷ್ಟಿದ್ದುದರಿಂದ, ಅದರ ನಡುವೆ, ಒಳಗಿನಿಂದ ಹನಿ ಬೀಳುವ ಸದ್ದು ವಿರಳವಾಗುತ್ತಾ ಬಂದದ್ದನ್ನು ಒಂದು ವಾಕ್ಯದಲ್ಲಿ ಸೇರಿಸಿದೆ. ಹೊತ್ತು ಎಷ್ಟಾಯಿತೆಂದು ಅದರಿಂದ ತಿಳಿಯುತ್ತದೆ, ಕವಲೂ ತುಂಡಾಗುವುದಿಲ್ಲ.

ನಡಿಗೆಯನ್ನು ಆರಿಸಿಕೊಂಡವರಿಗೆ ಒಂದು ಮಾತು. ಅಲ್ಲಿ ಹಂತಗಳ ಜಾಗವನ್ನು ಸ್ಥಳಗಳು ತುಂಬುತ್ತವೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ಸುತ್ತು ಹಾಕುವವರಿಗೆ ದ್ವಾರ, ತಿರುವು, ಕಲ್ಲುಬೆಂಚು, ಹಕ್ಕಿಗಳು ಕೂರುವ ಮರ ಇವೇ ಅನುಕ್ರಮವನ್ನು ಕೊಡುತ್ತವೆ. ಆದರೆ ನಡಿಗೆಯಲ್ಲಿ ಡಿಕಾಕ್ಷನ್ನಿನಂಥ ಒಂದೇ ದೊಡ್ಡ ಬಿಡುವಿಲ್ಲ, ಬಿಡುವೇ ಉದ್ದಕ್ಕೂ ಹರಡಿರುತ್ತದೆ; ಆದ್ದರಿಂದ ಕವಲುಗಳು ಮಿತಿಮೀರಿ ಹುಟ್ಟಿಕೊಳ್ಳುತ್ತವೆ. ನೋಡಲು ಏನೂ ಇಲ್ಲದ ದಾರಿಯ ತುಣುಕಿನಲ್ಲಿ ಕವಲನ್ನು ಆರಂಭಿಸಿ, ಮುಂದಿನ ಗುರುತು ಕಾಣಿಸಿದ ಕೂಡಲೇ ಮುಗಿಸುವ ಕಟ್ಟುನಿಟ್ಟನ್ನು ಹಾಕಿಕೊಂಡರೆ ಅದು ಹತೋಟಿಗೆ ಬರುತ್ತದೆ. ಬದಲಾಗುವ ಅಳತೆಯಾಗಿ ಸುತ್ತುಗಳ ಸಂಖ್ಯೆಯನ್ನೋ, ಕೂರುವ ಬೆಂಚು ದ್ವಾರಕ್ಕೆ ಹತ್ತಿರವಾಗುತ್ತಾ ಬಂದದ್ದನ್ನೋ ಹಿಡಿಯಬಹುದು.

ಕೊನೆಯ ಹಂತದಲ್ಲಿ ನಿಲ್ಲಿಸುವುದು

ರೂಢಿಗೆ ತನ್ನದೇ ಆದ ಕೊನೆ ಇರುವುದರಿಂದ ಪ್ರಬಂಧಕ್ಕೆ ಬೇರೆ ಕೊನೆಯನ್ನು ಹುಡುಕಬೇಕಾಗಿಲ್ಲ. ಚರಟ ಕರಿಬೇವಿನ ಗಿಡದ ಬುಡಕ್ಕೆ ಬಿದ್ದಲ್ಲಿಗೆ ನನ್ನ ನಾಲ್ಕನೆಯ ಕರಡು ಮುಗಿಯುತ್ತಿತ್ತು, ಅದರಲ್ಲಿ ದೋಷವೇನೂ ಇರಲಿಲ್ಲ. ಆದರೆ ಅಳತೆ ಎಂಟರಿಂದ ಎರಡಕ್ಕೆ ಇಳಿದದ್ದು ಮಾತ್ರ ಅಲ್ಲಿತ್ತು, ಎಲ್ಲ ಓದುಗರೂ ನಿರೀಕ್ಷಿಸುವ ಇಳಿಜಾರು ಅದು. ಆ ವರ್ಷದ ದೀಪಾವಳಿಗೆ ಚಿಕ್ಕಪ್ಪನ ಮನೆಯವರು ಬಂದದ್ದು ನೆನಪಾಗಿ, ಚರಟದ ವಾಕ್ಯವನ್ನು ಒಂದು ಪ್ಯಾರಾ ಹಿಂದಕ್ಕೆ ಸರಿಸಿದೆ. ಅಪ್ಪ ಅಟ್ಟದಿಂದ ದೊಡ್ಡ ಫಿಲ್ಟರನ್ನು ಇಳಿಸಿದರು. ಹಳೆಯ ಪುಡಿ ಕಟ್ಟಿಕೊಂಡು ಅದರ ತೂತುಗಳು ಮುಚ್ಚಿಹೋಗಿದ್ದವು. ಅದನ್ನು ಒಲೆಯ ಉರಿಯ ಮೇಲೆ ಹಿಡಿದು, ಕಟ್ಟಿದ್ದೆಲ್ಲ ಸುಟ್ಟು ಬಿದ್ದ ಮೇಲೆ ಬೆಳಕಿಗೆ ಎತ್ತಿ ನೋಡಿದರು.

ಇದರ ಕೆಳಗೆ, ಮನೆ ಮತ್ತೆ ತುಂಬಿತು ಎಂಬರ್ಥದ ಆರು ಸಾಲು ಬರೆದಿದ್ದೆ. ಮೂರು ದಿನ ಬಿಟ್ಟು ಓದಿದಾಗ ಆ ಆರು ಸಾಲು ತೂತುಗಳಲ್ಲಿ ತೂರಿಬಂದ ಬೆಳಕಿಗೆ ಅಡ್ಡ ನಿಂತಂತೆ ಕಂಡಿತು, ಅವುಗಳನ್ನು ಹೊಡೆದುಹಾಕಿದೆ. ಈಗ ಪ್ರಬಂಧ ಅಮ್ಮ ಡಬ್ಬಿಯ ಮುಚ್ಚಳ ತೆಗೆದು, ಬಹಳ ದಿನಗಳ ಮೇಲೆ ಮರೆತುಹೋಗಬಾರದೆಂದು ಬಾಯಿಬಿಟ್ಟು ಎಣಿಸುವಲ್ಲಿ ನಿಲ್ಲುತ್ತದೆ: “ಐದು, ಆರು.”